ಹದಿನೆಂಟು ಕಂಪನಿಗಳು ಮತ್ತು ನನ್ನ ಷಡ್ಡಕರು

ಕೃಷ್ಣಮೂರ್ತಿಪುರಂನಲ್ಲಿದ್ದ ನಮ್ಮ ಮಾವನವರ ಮನೆಯಲ್ಲಿ ಭಾನುವಾರದ ಊಟವಾಗಿ ಒಂದು ನಿದ್ದೆ ಮುಗಿದ ಮೇಲೆ ಬರುತ್ತಿದ್ದ ಕಾಫಿ ಯಾವಾಗಲೂ ನನ್ನ ಷಡ್ಡಕರಿಗೆ ಮೊದಲು ಹೋಗುತ್ತಿತ್ತು. ಅವರು ನನ್ನ ಹೆಂಡತಿಯ ಅಕ್ಕನ ಗಂಡ, ಮನೆಯ ಹಿರಿಯ ಅಳಿಯ, ಹೋಗಬೇಕಾದ್ದೇ. ಅದಕ್ಕೆ ನನ್ನ ತಕರಾರಿಲ್ಲ. ಆ ಲೋಟವನ್ನು ಒಯ್ದು ಕೊಡುತ್ತಿದ್ದವಳು ನನ್ನ ಹೆಂಡತಿ ಎಂಬುದಕ್ಕೆ ತಕರಾರಿತ್ತು. ಅವರ ಲೋಟದಲ್ಲಿ ನೊರೆ ಜಾಸ್ತಿ ಇರುತ್ತಿತ್ತು ಎಂಬುದಕ್ಕೆ ಇನ್ನೂ ಜಾಸ್ತಿ ಇತ್ತು. ಏಳೆಂಟು ವರ್ಷದ ಹಿಂದಿನ ನೊರೆಯ ಎತ್ತರ ಇನ್ನೂ ನೆನಪಿಟ್ಟುಕೊಂಡಿರುವವನು ಎಂಥ ಮನುಷ್ಯನಿರಬಹುದು ಎಂದು ನೀವು ಕೇಳಿದರೆ, ಇಂಥವನೇ.

ಅವರನ್ನು ನಾನು ಭಾವ ಎನ್ನುತ್ತಿದ್ದೆ. ಭಾವ ಮಂಡಿ ಮೊಹಲ್ಲಾದಲ್ಲಿ ಸಗಟು ವ್ಯಾಪಾರ ಮಾಡುತ್ತಿದ್ದರು. ಅರಿಶಿನ, ಕೊಬ್ಬರಿ, ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ. ಓದಿದ್ದು ಲೋಯರ್ ಸೆಕೆಂಡರಿವರೆಗೆ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಲೆಕ್ಚರರು. ಮಾವನವರು ಸರ್ಕಾರಿ ಲೆಕ್ಕಪತ್ರ ಕಚೇರಿಯಿಂದ ನಿವೃತ್ತರಾದವರು. ಅವರಿಗೆ ಷೇರುಪೇಟೆಯ ಹುಚ್ಚು. ಕಾಫಿ ಕುಡಿಯುತ್ತ ಪತ್ರಿಕೆಯಲ್ಲಿನ ಷೇರುಗಳ ಬೆಲೆಯನ್ನು ಗಟ್ಟಿಯಾಗಿ ಓದುವರು. ಓದಿ, ಕನ್ನಡಕದ ಮೇಲಿಂದ ನೋಡಿ, ಕೇಳುವರು: "ಏನನ್ಸುತ್ತೆ?"

ಕೇಳುತ್ತಿದ್ದದ್ದು ಭಾವನನ್ನು. ಸಂಖ್ಯಾಶಾಸ್ತ್ರದವನು ಪಕ್ಕದಲ್ಲೇ ಕೂತಿರುತ್ತಿದ್ದ.

ಭಾವನ ಬಳಿ ಒಂಬತ್ತು ಕಂಪನಿಗಳ ಷೇರುಗಳಿದ್ದವು. ನನ್ನ ಬಳಿ ನಾಲ್ಕು. "ಒಂಬತ್ತು ಇಟ್ಟಿದ್ದಾನೆ ನೋಡು, ಒಂದು ಹೋದ್ರೆ ಇನ್ನೊಂದಿರುತ್ತೆ. ಅದು ಬುದ್ಧಿವಂತಿಕೆ" ಎಂದು ಮಾವನವರು ಒಮ್ಮೆ ನನ್ನ ಎದುರಿಗೇ ಹೇಳಿದರು. ಆವತ್ತು ಮನೆಗೆ ಸೈಕಲ್ ತುಳಿಯುತ್ತ ನಾನು ಅಗ್ರಹಾರದ ಸರ್ಕಲ್ ದಾಟುವ ಹೊತ್ತಿಗೆ ತೀರ್ಮಾನ ಮಾಡಿದ್ದೆ: ಹದಿನೆಂಟು. ಒಂಬತ್ತರ ಎರಡರಷ್ಟು. ಹತ್ತು ಇದ್ದರೂ ಸಾಕಿತ್ತು, ನನಗೆ ಗೊತ್ತು. ಆದರೆ ಹೊಟ್ಟೆಕಿಚ್ಚಿಗೆ ಒಂದರ ಅಂತರ ಸಾಲುವುದಿಲ್ಲ.

ಸುಮ್ಮನೆ ಹದಿನೆಂಟು ಕೊಂಡರೆ ಅದು ವ್ಯಾಪಾರಿಯ ಕೆಲಸ. ನಾನು ಶಾಸ್ತ್ರೀಯವಾಗಿ ಕೊಳ್ಳಬೇಕಲ್ಲ. ಬೇಸಿಗೆ ರಜೆಯಲ್ಲಿ ಎರಡು ವರ್ಷದ ಹಳೆಯ ಪತ್ರಿಕೆಗಳನ್ನು ಮಾವನವರ ಅಟ್ಟದಿಂದಲೇ ಇಳಿಸಿ ತಂದೆ. ಡಿಪಾರ್ಟ್‌ಮೆಂಟಿನಲ್ಲಿ ಹಿಡಿ ತಿರುಗಿಸಿ ಗುಣಿಸುವ ಒಂದು ಯಂತ್ರವಿತ್ತು. ಮಸಾಲೆ ಅರೆಯುವ ಹಾಗೆ ಸದ್ದು ಮಾಡುತ್ತಿತ್ತು. ದಿನಾ ಬೆಳಿಗ್ಗೆ ಹೋಗಿ ಅದರ ಮುಂದೆ ಕೂತೆ. ಲೆಕ್ಕ ಕಷ್ಟದ್ದೇನಲ್ಲ, ಉದ್ದದ್ದು. ಎರಡು ಷೇರುಗಳು ವಾರದಿಂದ ವಾರಕ್ಕೆ ಎಷ್ಟು ಏರಿದವು, ಎಷ್ಟು ಇಳಿದವು ಎಂದು ಬರೆದುಕೊಂಡು ಗುಣಿಸಿ ಭಾಗಿಸಿದರೆ ಕೊನೆಗೆ ಒಂದು ಅಂಕಿ ಉಳಿಯುತ್ತದೆ. ಅದಕ್ಕೆ ಸಹಸಂಬಂಧ ಎನ್ನುತ್ತೇವೆ. ಅಂಕಿ ಒಂದು ಎಂದು ಬಂದರೆ ಎರಡೂ ಕೈಕೈ ಹಿಡಿದು ನಡೆಯುತ್ತಿವೆ ಎಂದರ್ಥ. ಸೊನ್ನೆಯ ಹತ್ತಿರ ಬಂದರೆ ಇದರ ದಾರಿ ಇದಕ್ಕೆ, ಅದರ ದಾರಿ ಅದಕ್ಕೆ. ಸೊನ್ನೆಗಿಂತ ಕೆಳಗೆ ಹೋದರೆ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಹದಿನೆಂಟು ಷೇರುಗಳನ್ನು ಎರಡೆರಡಾಗಿ ಜೋಡಿಸಿದರೆ ನೂರ ಐವತ್ತಮೂರು ಜೋಡಿ. ನೂರ ಐವತ್ತಮೂರೂ ಮಾಡಿದೆ. ಬಲಗೈ ಮಣಿಕಟ್ಟು ಊದಿಕೊಂಡಿತು.

ಬಂದ ಅಂಕಿಗಳು ಎಷ್ಟು ಚೆನ್ನಾಗಿದ್ದವು ಎಂದರೆ ಕೆಂಪು ಶಾಯಿಯಲ್ಲಿ ಇನ್ನೊಮ್ಮೆ ಪ್ರತಿ ಮಾಡಿದೆ. ಅಸ್ಸಾಮಿನ ಟೀ ತೋಟಕ್ಕೂ ಸಕ್ಕರೆಗೂ ನಂಟಿಲ್ಲ. ಸಿಮೆಂಟಿಗೂ ಕಾಗದಕ್ಕೂ ನಂಟಿಲ್ಲ. ಉಕ್ಕು, ಹಡಗು, ವಿದ್ಯುತ್, ನೂಲು, ಒಂದರ ಕಷ್ಟ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ಹೆಚ್ಚುಕಡಿಮೆ ಎಲ್ಲವೂ ಸೊನ್ನೆಯ ಆಸುಪಾಸು. ಒಂದು ಜ್ವರ ಬಂದು ಮಲಗಿದರೆ ಉಳಿದ ಹದಿನೇಳು ಕೆಲಸಕ್ಕೆ ಹೋಗುತ್ತವೆ. ಹುಟ್ಟಿದಾಗಿನಿಂದ ಚಿಂತೆ ಮಾಡುತ್ತಲೇ ಬಂದ ನಾನು, ಆ ಹಾಳೆ ನೋಡಿದ ರಾತ್ರಿ ಬಾಗಿಲ ಚಿಲಕವನ್ನು ಒಂದೇ ಸಲ ನೋಡಿ ಮಲಗಿದೆ.

ಹದಿನೆಂಟನ್ನು ಕೊಳ್ಳಲು ಲೆಕ್ಚರರ ಸಂಬಳ ಸಾಲದು. ಆಗ ಬ್ಯಾಂಕಿನವರು ಷೇರುಗಳನ್ನು ಅಡವಿಟ್ಟರೆ ಅವುಗಳ ಬೆಲೆಯ ಅರ್ಧದಷ್ಟು ಸಾಲ ಕೊಡುತ್ತಿದ್ದರು. ಇದ್ದದ್ದನ್ನು ಅಡವಿಟ್ಟು ಹೊಸದು ಕೊಳ್ಳುವುದು, ಹೊಸದನ್ನು ಅಡವಿಟ್ಟು ಇನ್ನೊಂದು. ಹೀಗೆ ಹದಿನೇಳರವರೆಗೆ ಬಂದು ಗಾಡಿ ನಿಂತಿತು. ಬ್ಯಾಂಕಿಗೆ ಇನ್ನೊಂದು ಸ್ವಲ್ಪ ಭದ್ರತೆ ಬೇಕಿತ್ತು. ಹದಿನೆಂಟನೆಯದು ನಮ್ಮ ಮನೆಯಲ್ಲೇ ಇತ್ತು, ಬೀರುವಿನಲ್ಲಿ, ನನ್ನ ಹೆಂಡತಿಯ ಹೆಸರಿನಲ್ಲಿ.

ನಮ್ಮತ್ತೆ ತೀರಿಕೊಳ್ಳುವುದಕ್ಕೆ ಮುಂಚೆ ಒಡವೆ ಹಂಚಿದಾಗ ಅಕ್ಕನಿಗೆ ಬಳೆಗಳು, ತಂಗಿಗೆ ಸೊಂಟದ ಡಾಬು ಎಂದಾಗಿತ್ತು. ಡಾಬು ಕಟ್ಟಿಕೊಂಡು ನಾನೆಲ್ಲಿಗೆ ಹೋಗಲಿ ಎಂದು ಇವಳು ನಕ್ಕಿದ್ದಕ್ಕೆ, ಅತ್ತೆಯೇ ಅದನ್ನು ಮಾರಿಸಿ ಕೊಯಮತ್ತೂರಿನ ಕಡೆಯ ಒಂದು ನೂಲಿನ ಗಿರಣಿಯ ಐವತ್ತು ಷೇರುಗಳನ್ನು ಇವಳ ಹೆಸರಿಗೆ ಮಾಡಿಸಿದ್ದರು. ವರ್ಷಕ್ಕೊಮ್ಮೆ ಆಷಾಢದ ಹೊತ್ತಿಗೆ ಕಂದು ಬಣ್ಣದ ಲಕೋಟೆ ಬರುತ್ತಿತ್ತು, ಒಳಗೆ ಲಾಭಾಂಶದ ಚೀಟಿ, ಹೊರಗೆ ಟೈಪು ಮಾಡಿದ ಅವಳ ಹೆಸರು. ನಮ್ಮ ಮನೆಗೆ ಅವಳ ಹೆಸರಿಗೆ ಬರುತ್ತಿದ್ದ ಟಪಾಲು ಅದೊಂದೇ. ಆ ದುಡ್ಡಿನಲ್ಲಿ ಅವಳು ಅಕ್ಕನನ್ನು ಕರೆದುಕೊಂಡು ಮ್ಯಾಟಿನಿಗೆ ಹೋಗಿ, ಹೋಟೆಲಿನಲ್ಲಿ ದೋಸೆ ತಿಂದು, ನನ್ನನ್ನು ಕೇಳದೆ ಒಂದು ಸೀರೆ ತರುವಳು. ಲಕೋಟೆಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದಳು.

ದೋಸೆ ಹಿಟ್ಟು ರುಬ್ಬುತ್ತಿದ್ದವಳ ಮುಂದೆ ವರ್ಗಾವಣೆ ಪತ್ರ ಹಿಡಿದೆ.

"ಏನ್ರೀ ಇದು?"

"ಬ್ಯಾಂಕಲ್ಲಿ ಇಡೋದಕ್ಕೆ. ಮನೇಲಿದ್ರೆ ಗೆದ್ದಲು ಹಿಡಿಯುತ್ತೆ."

"ಇಲ್ಲಿ ಕೊಳ್ಳೋರ ಹೆಸರು ಅಂತ ಖಾಲಿ ಇದೆಯಲ್ಲ?"

"ಅದು ಖಾಲಿನೇ ಇರುತ್ತೆ ಕಣೇ. ಪದ್ಧತಿ."

ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದಳು. ನಾನು ಸುಳ್ಳು ಹೇಳಲಿಲ್ಲ, ಪದ್ಧತಿಯೇ ಅದು. ಖಾಲಿ ಪತ್ರಕ್ಕೆ ಸಹಿ ಹಾಕಿ ಬ್ಯಾಂಕಿಗೆ ಕೊಡಬೇಕು. ಸಾಲಗಾರ ಕೈಕೊಟ್ಟರೆ ಅವರು ಆ ಪತ್ರದೊಡನೆ ಷೇರು ಮಾರಿಬಿಡಬಹುದು. ಕೊಂಡವನು ಖಾಲಿ ಜಾಗದಲ್ಲಿ ತನ್ನ ಹೆಸರು ತುಂಬಿ ಕಂಪನಿಗೆ ಕಳಿಸಿದರೆ ಪುಸ್ತಕದಲ್ಲಿ ಹೆಸರು ಬದಲಾಗುತ್ತದೆ. ಈ ಕೊನೆಯ ಎರಡು ವಾಕ್ಯಗಳನ್ನು ನಾನು ಅವಳಿಗೆ ಹೇಳಲಿಲ್ಲ, ಅಷ್ಟೆ.

ಮುಂದಿನ ಭಾನುವಾರ ಕೆಂಪು ಶಾಯಿಯ ಹಾಳೆಯನ್ನು ಮಾವನವರ ಮುಂದೆ ಹರಡಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಅಬ್ಬಾ" ಎಂದರು. ಆ 'ಅಬ್ಬಾ' ನನ್ನ ಜೀವಮಾನದ ಸಂಪಾದನೆ. ಭಾವ ಹಾಳೆಯನ್ನು ಕೈಗೆತ್ತಿಕೊಂಡು, ತಲೆಕೆಳಗಾಗಿ ಹಿಡಿದು, ನೆಟ್ಟಗೆ ಮಾಡಿ, ಕೇಳಿದರು:

"ಮೇಷ್ಟ್ರೇ, ಈ ಹದಿನೆಂಟನ್ನೂ ಇಟ್ಕೊಂಡಿರೋರು ಇನ್ಯಾರು?"

"ಅಂದ್ರೆ?"

"ನನ್ನ ಮಂಡೀಲೂ ಐದಾರು ಸರಕಿದೆ. ಅರಿಶಿನಕ್ಕೊಂದು ಕಾಲ, ಹುಣಸೆಹಣ್ಣಿಗೊಂದು ಕಾಲ, ಒಂದಕ್ಕೊಂದು ಸಂಬಂಧ ಇಲ್ಲ. ಆದ್ರೆ ಕೊಳ್ಳೋಕೆ ಬರೋ ಅಂಗಡಿಯೋರು ಅದೇ ನಲವತ್ತು ಜನ ಕಣ್ರೀ. ಅವ್ರ ಕೈ ಖಾಲಿ ಆದ ವಾರ ಯಾವ ಸರಕೂ ಅಲ್ಲಾಡಲ್ಲ. ಸಾಲದ ಮೇಲೆ ಸರಕು ಹಾಕಿರೋನು ಆ ವಾರ ಎಲ್ಲಾನೂ ಸಿಕ್ಕಿದ ಬೆಲೆಗೆ ಸುರಿದುಬುಡ್ತಾನೆ. ಅದಕ್ಕೇ ನಾನು ಅರ್ಧ ದುಡ್ಡು ಪೋಸ್ಟಾಫೀಸಲ್ಲಿ ಸುಮ್ನೆ ಮಲಗಿಸಿರ್ತೀನಿ."

"ಭಾವ, ಇದು ಹುಣಸೆಹಣ್ಣಲ್ಲ" ಎಂದೆ. ಮಾವನವರು ನಕ್ಕರು. ಅವರು ನನ್ನ ಮಾತಿಗೆ ನಕ್ಕದ್ದು ಅದೇ ಮೊದಲು. ಆ ಸಂತೋಷದಲ್ಲಿ ಭಾವನ ಪ್ರಶ್ನೆ ನನ್ನ ಕಿವಿಯೊಳಗೆ ಇಳಿಯಲೇ ಇಲ್ಲ. ಇಳಿದಿದ್ದರೆ ಉತ್ತರ ಕಷ್ಟದ್ದಾಗಿರಲಿಲ್ಲ. ಮೈಸೂರಿನಲ್ಲಿ ಷೇರು ಕೊಳ್ಳುವವರೆಲ್ಲ ದೊಡ್ಡ ಗಡಿಯಾರದ ಹತ್ತಿರದ ಮಹಡಿಯಲ್ಲಿದ್ದ ಒಬ್ಬರೇ ದಲ್ಲಾಳಿಯ ಬಳಿ, ಅವರು ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದ ಒಂದೇ ಪಟ್ಟಿಯಿಂದ ಕೊಳ್ಳುತ್ತಿದ್ದರು. ಮುಕ್ಕಾಲು ಪಾಲು ಜನ ನನ್ನ ಹಾಗೆಯೇ ಬ್ಯಾಂಕಿನ ಸಾಲದಿಂದ. ಬೇರೆ ಊರುಗಳಲ್ಲೂ ಇಂಥವೇ ಮಹಡಿಗಳು, ಇಂಥವೇ ಪಟ್ಟಿಗಳು.

ಆ ವರ್ಷ ಅಕ್ಟೋಬರಿನಲ್ಲಿ ಚೀನಾ ಗಡಿಯಲ್ಲಿ ಯುದ್ಧ ಶುರುವಾಯಿತು. ಕಾಲೇಜಿನ ಹುಡುಗರು ರಕ್ಷಣಾ ನಿಧಿಗೆ ಡಬ್ಬಿ ಹಿಡಿದು ಬೀದಿ ಬೀದಿ ತಿರುಗಿದರು. ಹೆಂಗಸರು ಬಳೆ ಬಿಚ್ಚಿ ಕೊಟ್ಟರು. ಇಡೀ ಊರು ದೇಶದ ಬಗ್ಗೆ ಕಳವಳಪಡುತ್ತಿದ್ದಾಗ ನಾನೂ ಕಳವಳಪಡುತ್ತಿದ್ದೆ. ಮುಖ ನೋಡಿದವರು ದೇಶಭಕ್ತನೆಂದೇ ತಿಳಿದಿರಬೇಕು.

ಮೊದಲು ಟೀ ಇಳಿಯಿತು. ಅದಕ್ಕೆ ಕಾರಣವಿತ್ತು: ತೋಟಗಳಿದ್ದದ್ದು ಅಸ್ಸಾಮಿನಲ್ಲಿ, ಯುದ್ಧ ಬರುತ್ತಿದ್ದದ್ದು ಆ ಕಡೆಗೇ. ಇರಲಿ, ಹದಿನೆಂಟರಲ್ಲಿ ಒಂದು ತಾನೆ ಎಂದುಕೊಂಡೆ. ಯುದ್ಧವೆಂದರೆ ಉಕ್ಕಿಗೆ ಗಿರಾಕಿ ಜಾಸ್ತಿ, ಉಕ್ಕು ಏರಿ ಟೀ ಕಳೆದದ್ದನ್ನು ತುಂಬಿಕೊಡುತ್ತದೆ ಎಂದೂ ಲೆಕ್ಕ ಹಾಕಿದೆ. ದಲ್ಲಾಳಿಯ ಮಹಡಿ ಹತ್ತಿದೆ. ಬೆಂಗಳೂರಿನಿಂದ ಟ್ರಂಕ್ ಕಾಲಿನಲ್ಲಿ ಬಂದ ಬೆಲೆಗಳನ್ನು ಅವರು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಟೀ ಕೆಳಗೆ. ಉಕ್ಕು ಕೆಳಗೆ. ಹಡಗು ಕೆಳಗೆ. ಸಕ್ಕರೆ ಕೆಳಗೆ.

"ಸಕ್ಕರೆಗೇನಾಯ್ತು ಸ್ವಾಮಿ?" ಎಂದೆ. "ಕಬ್ಬಿಗೂ ಚೀನಾಕ್ಕೂ ಏನು ಸಂಬಂಧ?"

"ಸಂಬಂಧ ಏನಿಲ್ಲ ಮೇಷ್ಟ್ರೇ. ಟೀ ಇಟ್ಕೊಂಡೋರಿಗೆ ಬ್ಯಾಂಕಿಂದ ಕಾಗದ ಬಂದಿದೆ, ದುಡ್ಡು ಕಟ್ಟಿ ಅಂತ. ಟೀ ಮಾರೋಣ ಅಂದ್ರೆ ಕೊಳ್ಳೋರಿಲ್ಲ. ಅದಕ್ಕೆ ಸಕ್ಕರೆ ಮಾರ್ತಾ ಇದಾರೆ. ಸಕ್ಕರೆ ಬಿತ್ತು ಅಂತ ಸಕ್ಕರೆಯೋರಿಗೆ ಕಾಗದ ಬರುತ್ತೆ. ಅವ್ರು ಸಿಮೆಂಟು ಮಾರ್ತಾರೆ." ಹೇಳುತ್ತಲೇ ಸಿಮೆಂಟನ್ನು ಒರೆಸಿ ಇನ್ನೊಂದು ಅಂಕಿ ಬರೆದರು.

ಬೆಂಚಿನ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ಒಬ್ಬರು ವಕೀಲರು, ಒಬ್ಬರು ದಂತವೈದ್ಯರು, ಒಬ್ಬರು ರೇಷ್ಮೆ ಅಂಗಡಿಯವರು. ಎಲ್ಲರ ಕೈಯಲ್ಲೂ ಅದೇ ಸೈಕ್ಲೋಸ್ಟೈಲ್ ಪಟ್ಟಿ, ಎಲ್ಲರ ಕಣ್ಣೂ ಅದೇ ಹಲಗೆಯ ಮೇಲೆ. ಭಾವನ ಹುಣಸೆಹಣ್ಣು ಆಗ ನನ್ನ ತಲೆಗೆ ಇಳಿಯಿತು. ನಾನು ಕೊಂಡದ್ದು ಹದಿನೆಂಟು ಕಂಪನಿಗಳನ್ನೇನೋ ಹೌದು. ಆದರೆ ಹದಿನೆಂಟನ್ನೂ ಹಿಡಿದಿದ್ದವರು ಈ ಬೆಂಚಿನವರೇ. ಟೀ ತೋಟಕ್ಕೆ ಸಕ್ಕರೆ ಕಾರ್ಖಾನೆಯ ಪರಿಚಯವಿಲ್ಲದಿದ್ದರೂ ದಂತವೈದ್ಯರಿಗೆ ಎರಡರ ಪರಿಚಯವೂ ಇತ್ತು, ಮತ್ತು ದಂತವೈದ್ಯರು ಹೆದರಿ ಎರಡನ್ನೂ ಮಾರಲು ಚೀಟಿ ಬರೆಯುತ್ತಿದ್ದರು. ನಾನು ಎರಡು ವರ್ಷದ ಬೆಲೆಗಳನ್ನು ಗುಣಿಸಿದ್ದೆ, ನಿಜ. ಆ ಎರಡು ವರ್ಷಗಳಲ್ಲಿ ಯಾರೂ ಹೆದರಿರಲಿಲ್ಲ. ಜನ ಆರಾಮವಾಗಿದ್ದಾಗ ಪ್ರತಿಯೊಂದು ಷೇರಿಗೂ ಅದರದರ ಕಂಪನಿಯ ಕಥೆ. ಹೆದರಿದಾಗ ಎಲ್ಲಕ್ಕೂ ಒಂದೇ ಕಥೆ: ಯಾರಿಗೆ ಇವತ್ತೇ ದುಡ್ಡು ಬೇಕು.

ನಾಲ್ಕನೆಯ ದಿನ ನನಗೂ ಕಾಗದ ಬಂತು. ಬ್ಯಾಂಕಿನ ಮುಖ್ಯಸ್ಥರಿಗೆ ಆಗ ಏಜೆಂಟರು ಎನ್ನುತ್ತಿದ್ದೆವು. ಒಳ್ಳೆಯವರು, ಕೂರಿಸಿ ಮಾತಾಡಿಸಿದರು.

"ಬೆಲೆ ಇಳಿದಿದೆ. ಸಾಲ ಅರ್ಧಕ್ಕಿಂತ ಮೇಲೆ ಹೋಗಿದೆ. ವ್ಯತ್ಯಾಸ ಶುಕ್ರವಾರದೊಳಗೆ ಕಟ್ಟಿಬಿಡಿ, ಮೇಷ್ಟ್ರೇ."

"ಕಟ್ಟದಿದ್ರೆ?"

"ಮಾರಬೇಕಾಗುತ್ತೆ."

"ಟೀ ಮಾರಿ. ಸಿಮೆಂಟು ಮಾರಿ. ಹದಿನೆಂಟಿದೆಯಲ್ಲ."

ಅವರು ಪಟ್ಟಿಯ ಮೇಲೆ ಬೆರಳಾಡಿಸಿದರು. "ಇವಕ್ಕೆಲ್ಲ ಈ ವಾರ ಕೊಳ್ಳೋರೇ ಇಲ್ಲ. ಬೆಲೆ ಅಂತ ಬರೆದಿರೋದು ಹೆಸರಿಗೆ. ಇದೊಂದಕ್ಕೆ ಇದಾರೆ" ಎಂದು ಬೆರಳು ನಿಲ್ಲಿಸಿದರು. ಕೊಯಮತ್ತೂರಿನ ಗಿರಣಿ.

ಕೆಟ್ಟದ್ದನ್ನು ಮಾರಿ ಒಳ್ಳೆಯದನ್ನು ಉಳಿಸಿಕೊಳ್ಳುವುದು ನೆಮ್ಮದಿಯ ದಿನಗಳ ಆಟ. ಗಾಬರಿಯ ದಿನ ಯಾವುದು ಹೋಗುತ್ತದೋ ಅದನ್ನೇ ಮಾರುವುದು. ಅದಕ್ಕೇ ಒಳ್ಳೆಯದೂ ಬೀಳುತ್ತದೆ. ನನಗೆ ಸಾಲ ಕೊಡಬಲ್ಲವರು ಊರಿನಲ್ಲಿ ಒಬ್ಬರೇ ಇದ್ದರು, ಅರ್ಧ ದುಡ್ಡನ್ನು ಪೋಸ್ಟಾಫೀಸಿನಲ್ಲಿ ಮಲಗಿಸಿದ್ದವರು. ಗುರುವಾರ ಮಂಡಿ ಮೊಹಲ್ಲಾದವರೆಗೆ ಸೈಕಲ್ ತುಳಿದೆ. ಅಂಗಡಿಯ ಮುಂದೆ ಇಳಿದೆ. ಮೆಣಸಿನಕಾಯಿ ಘಾಟಿಗೆ ಸೀನು ಬಂತು. ಒಳಗೆ ಭಾವ ಯಾರೊಡನೆಯೋ ನಗುತ್ತಿದ್ದರು. ಆ ನಗು ಕೇಳಿದ್ದೇ ಸೈಕಲ್ ತಿರುಗಿಸಿದೆ. ಹೆಂಡತಿಯ ಡಾಬು ಉಳಿಸುವುದಕ್ಕೆ ನನಗಿದ್ದ ದಾರಿ ಅದೊಂದೇ, ಅದನ್ನು ನಾನು ಅವರ ನಗುವಿನ ಕಾರಣಕ್ಕೆ ಬಿಟ್ಟೆ. ಶುಕ್ರವಾರ ಐವತ್ತು ಷೇರುಗಳು ಹೋದವು.

ಕೆಲವು ವಾರಗಳಲ್ಲಿ ಯುದ್ಧ ನಿಂತಿತು. ಬೆಲೆಗಳು ಸ್ವಲ್ಪ ಸ್ವಲ್ಪ ಮೇಲೆದ್ದವು. ನನ್ನ ಹದಿನೇಳು ಕುಂಟುತ್ತ ಮನೆಗೆ ಬಂದವು, ಗಿರಣಿ ಬರಲಿಲ್ಲ. ಮಾರಿದ್ದು ಮೇಲೇಳುವುದು ಕೊಂಡವನ ಕೈಯಲ್ಲಿ. ಆ ಹದಿನೇಳರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮಾರಿ, ಬಾಕಿ ತೀರಿಸಿ ಸಾಲವನ್ನು ಮುಚ್ಚಿದೆ. ಹೆಂಡತಿಗೆ ಹೇಳಲಿಲ್ಲ. ಯುದ್ಧದ ಆ ನಾಲ್ಕು ವಾರಗಳನ್ನಷ್ಟೇ ತೆಗೆದುಕೊಂಡು, ದಿನದ ಬೆಲೆಗಳಿಂದ, ಯಂತ್ರದ ಮುಂದೆ ಇನ್ನೊಮ್ಮೆ ಕೂತೆ. ಸೊನ್ನೆಯ ಆಸುಪಾಸು ಸುಳಿದಾಡುತ್ತಿದ್ದ ಅಂಕಿಗಳೆಲ್ಲ ಒಂದರ ಹತ್ತಿರಕ್ಕೆ ಬಂದು ಒತ್ತಿ ನಿಂತಿದ್ದವು, ಮಳೆ ಬಂದಾಗ ಒಂದೇ ಅಂಗಡಿಯ ಜಗಲಿ ಹತ್ತಿದ ಅಪರಿಚಿತರ ಹಾಗೆ. ಆ ಹಾಳೆಯನ್ನು ಕೆಂಪು ಶಾಯಿಯಲ್ಲಿ ಬರೆಯಲಿಲ್ಲ.

ಆಷಾಢ ಹತ್ತಿರವಾದಂತೆ ನನಗೆ ಊಟ ಸೇರದಾಯಿತು. ಲಕೋಟೆ ಬರುವುದಿಲ್ಲ, ಇವಳು ಕೇಳುತ್ತಾಳೆ, ಅಂಚೆಯವನನ್ನು ಬೈಯಲೇ, ಕಂಪನಿಯನ್ನು ಬೈಯಲೇ ಎಂದು ಸುಳ್ಳುಗಳನ್ನು ಜೋಡಿಸುತ್ತಿದ್ದೆ. ಒಂದು ಮಧ್ಯಾಹ್ನ ಮನೆಗೆ ಬಂದರೆ ಅವಳು ಹೊಸಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಕಂದು ಲಕೋಟೆ.

"ಬಂತು ನೋಡಿ. ಈ ಸಲ ಅಕ್ಕನಿಗೆ ಮಸಾಲೆ ದೋಸೆ ಅಲ್ಲ, ಊಟಾನೇ ಕೊಡಿಸ್ತೀನಿ."

ಟೈಪು ಮಾಡಿದ ಹೆಸರು ಅವಳದ್ದೇ. ಎರಡು ಸಲ ಓದಿದೆ. ಷೇರು ಮಾರಿಯಾಗಿತ್ತು, ಆದರೂ ಕಂಪನಿಯ ಪುಸ್ತಕದಲ್ಲಿ ಅವಳ ಹೆಸರು ಹಾಗೇ ಇದೆ. ಎಂದರೆ, ಕೊಂಡವನು ಖಾಲಿ ಜಾಗವನ್ನು ತುಂಬಿ ಕಳಿಸಿಯೇ ಇಲ್ಲ. ಎಂಟು ತಿಂಗಳಾದರೂ ತನ್ನ ಲಾಭಾಂಶವನ್ನು ಬಿಟ್ಟುಕೊಂಡು ಸುಮ್ಮನಿರುವ ಮೂರ್ಖ ಯಾರು? ಸೀದಾ ದಲ್ಲಾಳಿಯ ಮಹಡಿ ಹತ್ತಿದೆ.

"ನಿಮ್ಗೆ ಗೊತ್ತಿಲ್ವಾ?" ಎಂದರು ದಲ್ಲಾಳಿ. "ನಿಮ್ಮ ಷಡ್ಡಕರೇ ಕೊಂಡ್ರಲ್ಲ. ಆ ಶುಕ್ರವಾರ ಇಲ್ಲೇ ಇದ್ರು. ನಾದಿನಿ ಹೆಸರು ನೋಡಿದ್ರು, ಇದನ್ನ ಹೊರಗೆ ಬಿಡ್ಬೇಡಿ ಅಂದ್ರು. ಪತ್ರ ತುಂಬ್ಲಾ ಅಂದೆ. ಬೇಡ, ಹೆಸರು ಹಾಗೇ ಇರ್ಲಿ ಅಂದ್ರು."

ಮೆಟ್ಟಿಲಿಳಿಯುವಾಗ ನನಗೆ ಕೃತಜ್ಞತೆ ಬರಬೇಕಿತ್ತು. ಬಂದದ್ದು ಉರಿ. ದುಡ್ಡಿನಲ್ಲಿ ಗೆದ್ದರು, ಸರಿ. ಹುಣಸೆಹಣ್ಣಿನ ಲೆಕ್ಕದಿಂದ ಬುದ್ಧಿಯಲ್ಲೂ ಗೆದ್ದರು, ಸರಿ. ಒಳ್ಳೆಯತನವೊಂದನ್ನಾದರೂ ನನಗೆ ಬಿಡಬಾರದಿತ್ತೇ? ಅದೂ ಎಂಟು ತಿಂಗಳು ಪ್ರತಿ ಭಾನುವಾರ ಎದುರಿಗೆ ಕೂತು, ಒಂದು ಮಾತಾಡದೆ!

ಆ ಲಾಭಾಂಶ ನ್ಯಾಯವಾಗಿ ಅವರದ್ದು. ಅದನ್ನು ತಿಂದು ಸುಮ್ಮನಿದ್ದರೆ ನಾನು ಇನ್ನೊಂದು ಮೆಟ್ಟಿಲು ಕೆಳಗೆ ಹೋಗುತ್ತೇನೆ ಎನಿಸಿತು. ಹೆಂಡತಿಗೆ ಎಲ್ಲವನ್ನೂ ಹೇಳಿದ್ದು ಪ್ರಾಮಾಣಿಕತೆಯಿಂದ ಎಂದು ಬರೆಯಲು ಆಸೆ. ಭಾವನಿಗೆ ಋಣಿಯಾಗಿರಲು ಆಗದೆ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಎಷ್ಟಕ್ಕೆ ಹೋಯ್ತು?"

ಹೇಳಿದೆ.

"ಅಷ್ಟೇನಾ? ಅಮ್ಮನ ಡಾಬು ಅಷ್ಟೇನಾ?"

ನಾನು ಸಹಸಂಬಂಧದ ಬಗ್ಗೆ ಹೇಳಲು ಹೊರಟೆ. ಅವಳು ಮೊರವನ್ನು ಪಕ್ಕಕ್ಕಿಟ್ಟಳು. "ನನಗೆ ಅದೆಲ್ಲ ಬೇಡ. ಕೊಳ್ಳೋರ ಹೆಸರು ಖಾಲಿ ಇದೆಯಲ್ಲ ಅಂತ ನಾನು ಕೇಳಿದ್ದೆ ಕಣ್ರೀ." ಆಮೇಲೆ ಲಕೋಟೆಯಿಂದ ಚೀಟಿಯನ್ನು ತೆಗೆದು ಅದರ ಹಿಂಬದಿಯಲ್ಲಿ ಸಹಿ ಮಾಡಿ ನನ್ನ ಕೈಗಿತ್ತಳು. "ದುಡ್ಡು ಭಾವನಿಗೆ ಕೊಟ್ಟು ಬನ್ನಿ." ಲಕೋಟೆಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಳು. ಆ ವರ್ಷ ಮ್ಯಾಟಿನಿಗೆ ಹೋಗಲಿಲ್ಲ. ನನ್ನ ಜೊತೆ ಮಾತು ಶುರುವಾಗಲು ಗೌರಿಹಬ್ಬ ಬರಬೇಕಾಯಿತು.

ಭಾವ ಮೂಟೆಗಳ ನಡುವೆ ಕೂತಿದ್ದರು. ದುಡ್ಡನ್ನು ಮುಂದಿಟ್ಟೆ.

"ಏನ್ರೀ ಇದು, ಮೇಷ್ಟ್ರೇ?"

"ನಿಮ್ಮದು. ನಮಗೆ ಬಂದಿತ್ತು."

ಅವರು ನನ್ನ ಮುಖ ನೋಡಿ, ಬೇಡವೆನ್ನದೆ ತೆಗೆದು ಪೆಟ್ಟಿಗೆಗೆ ಹಾಕಿಕೊಂಡರು. ಬೇಡವೆಂದಿದ್ದರೆ ನಾನು ಇವತ್ತಿಗೂ ಕ್ಷಮಿಸುತ್ತಿರಲಿಲ್ಲ. ಅದೂ ಅವರಿಗೆ ಗೊತ್ತಿತ್ತೆಂಬುದೇ ಇನ್ನೂ ಕಷ್ಟ.

"ಆ ಗುರುವಾರ ಅಂಗಡಿ ಮುಂದೆ ಸೀನಿದೋರು ನೀವೇ ತಾನೆ?" ಎಂದರು. "ಹೊರಗೆ ಬಂದು ನೋಡಿದ್ರೆ ಸೈಕಲ್ಲು ಮೂಲೆ ತಿರುಗ್ತಾ ಇತ್ತು. ಒಳಗೆ ಬರಬಾರದಾಗಿತ್ತಾ? ಮೆಣಸಿನಕಾಯಿ ಏನು ಕಚ್ಚುತ್ತಾ?"

ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ಬಂದ ದುಡ್ಡನ್ನು ಕೂಡಿಸಿ, ಮೂರನೆಯ ವರ್ಷ ಐವತ್ತು ಷೇರುಗಳನ್ನು ವಾಪಸು ಕೊಂಡೆ. ಆ ಹೊತ್ತಿಗೆ ಗಿರಣಿಯ ಬೆಲೆ ಚೆನ್ನಾಗಿ ಏರಿತ್ತು. ಪೇಟೆಯ ಬೆಲೆಯನ್ನೇ ಕೊಡುತ್ತೇನೆಂದು ನಾನು, ಕೊಂಡ ಬೆಲೆಗಿಂತ ಒಂದು ಕಾಸು ಮುಟ್ಟುವುದಿಲ್ಲವೆಂದು ಅವರು. ಅರ್ಧ ಗಂಟೆ ಜಗಳವಾಡಿದೆವು. ಗೆದ್ದವರು ಅವರೇ ಎಂದು ಬೇರೆ ಹೇಳಬೇಕಾಗಿಲ್ಲ. ಸಹಿಯಿದ್ದು ಹೆಸರಿಲ್ಲದ ಆ ಪತ್ರವನ್ನು ಹೆಂಡತಿಗೆ ಕೊಟ್ಟೆ. ಅವಳು ಅದನ್ನು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದಳು.

ಅದರ ಮುಂದಿನ ಭಾನುವಾರ ಮಾವನವರ ಮನೆಯಲ್ಲಿ ಕಾಫಿ ಆದಾಗ ನಾನೇ ಎದ್ದು ಒಳಗೆ ಹೋದೆ. ಭಾವನ ಲೋಟವನ್ನು ನಾನೇ ತೆಗೆದುಕೊಂಡು ಹೋಗಿ ಕೊಡುತ್ತೇನೆಂದೆ. ಹೆಂಡತಿ ಒಂದು ಕ್ಷಣ ನನ್ನನ್ನೇ ನೋಡಿ ಲೋಟವನ್ನು ಕೊಟ್ಟಳು. ನಡುಮನೆಗೆ ಬರುವ ದಾರಿಯಲ್ಲಿ, ಬಾಗಿಲ ಮರೆಯಲ್ಲಿ ನಿಂತು, ಚಮಚದಿಂದ ನೊರೆಯನ್ನು ಅರ್ಧ ತೆಗೆದುಬಿಟ್ಟೆ.